30 ± 0.02 ಅಂದರೆ ಎಷ್ಟರಿಂದ ಎಷ್ಟರವರೆಗೆ? ಶಾಫ್ಟ್‌ನ ಗರಿಷ್ಠ, ಕನಿಷ್ಠ ಡಯಾ ಲೆಕ್ಕ ಹಾಕುವ ಬಗೆ

ಪೀಣ್ಯದ ನಮ್ಮ ಶಾಪ್‌ಗೆ ಐಟಿಐ ಮುಗಿಸಿ ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ಒಂದು ಶಾಫ್ಟ್ ಹಿಡಿದುಕೊಂಡು ಇನ್‌ಸ್ಪೆಕ್ಷನ್ ಟೇಬಲ್ ಹತ್ತಿರ ಬಂದ. ಡ್ರಾಯಿಂಗ್‌ನಲ್ಲಿ ಇದ್ದದ್ದು 30 ± 0.02. ಮೈಕ್ರೋಮೀಟರ್ ತೋರಿಸುತ್ತಿದ್ದದ್ದು 30.04.

"ಸರ್, ಇದು ಓಕೆ ತಾನೇ? ಟೋಟಲ್ ಟಾಲರೆನ್ಸ್ 0.04 ಅಂತ ನೀವೇ ಹೇಳಿದ್ರಲ್ಲ" ಅಂದ.

"ಹೇಳಿದ್ದು ನಿಜ ಕಣಪ್ಪ. ಆದ್ರೆ ಆ 0.04 ಎಲ್ಲಿಂದ ಶುರುವಾಗುತ್ತೆ ಅಂತ ಕೇಳ್ಕೊಂಡ್ಯಾ?"

ಅವನ ಬಳಿ ಉತ್ತರ ಇರಲಿಲ್ಲ. ಕೂಡುವುದು, ಕಳೆಯುವುದು ಅವನಿಗೆ ಚೆನ್ನಾಗಿಯೇ ಬರುತ್ತದೆ. 0.02 ಯಾವುದು, 0.04 ಯಾವುದು, ಎರಡಕ್ಕೂ ಇರುವ ಸಂಬಂಧ ಏನು ಅನ್ನುವುದು ಮಾತ್ರ ಕಲಸಿಹೋಗಿತ್ತು. ಈ ಗೊಂದಲವನ್ನು ನಾನು ಹೊಸಬರಲ್ಲಷ್ಟೇ ಅಲ್ಲ, ಹತ್ತು ವರ್ಷ ಲೇಥ್ ಮುಂದೆ ನಿಂತವರಲ್ಲೂ ಕಂಡಿದ್ದೇನೆ. ಹಾಗಾಗಿ ಇದೇ ಒಂದು ಶಾಫ್ಟನ್ನು ಇಟ್ಟುಕೊಂಡು, ಡ್ರಾಯಿಂಗ್ ಓದುವುದರಿಂದ ಹಿಡಿದು ಜಾಬನ್ನು ಪಾಸ್ ಅಥವಾ ರಿಜೆಕ್ಟ್ ಮಾಡುವವರೆಗೆ ಹಂತಹಂತವಾಗಿ ಹೇಳುತ್ತೇನೆ.

ಹಂತ 1: ಮೂಲ ಅಳತೆಯನ್ನೂ ವ್ಯತ್ಯಾಸವನ್ನೂ ಬೇರೆ ಮಾಡಿ ಓದಿ

30 ± 0.02 ಎಂಬ ಬರಹದಲ್ಲಿ ಎರಡು ಸಂಗತಿಗಳಿವೆ. 30 ಅನ್ನುವುದು ಮೂಲ ಅಳತೆ, ಮಿಲಿಮೀಟರ್‌ನಲ್ಲಿ. ± ಚಿಹ್ನೆಯ ಮುಂದಿನ 0.02 ಅನ್ನುವುದು ಆ ಮೂಲ ಅಳತೆಯಿಂದ ಯಾವುದಾದರೂ ಒಂದು ಕಡೆಗೆ ಎಷ್ಟು ದೂರ ಹೋಗಬಹುದು ಎಂಬ ಅಳತೆ. ಮೇಲಕ್ಕೆ 0.02, ಕೆಳಕ್ಕೆ 0.02.

ಇದನ್ನು ರಸ್ತೆಯ ಹಾಗೆ ಯೋಚಿಸಿ. 30 ನಡುಗೆರೆ. ನಡುಗೆರೆಯಿಂದ ಎಡ ಅಂಚಿಗೆ 0.02, ಬಲ ಅಂಚಿಗೂ 0.02. ರಸ್ತೆಯ ಪೂರ್ತಿ ಅಗಲ 0.04. ನಮ್ಮ ಹುಡುಗ ಪೂರ್ತಿ ಅಗಲವನ್ನು ನಡುಗೆರೆಯಿಂದ ಅಳೆದ. ಅದಕ್ಕೇ ಅವನ ಶಾಫ್ಟ್ ರಸ್ತೆ ಬಿಟ್ಟು ಚರಂಡಿಯಲ್ಲಿ ಇತ್ತು.

ಡ್ರಾಯಿಂಗ್‌ನಲ್ಲಿ ಕೊಟ್ಟದ್ದು ಡಯಾ ಅನ್ನುವುದನ್ನೂ ಇಲ್ಲೇ ಖಚಿತ ಮಾಡಿಕೊಳ್ಳಿ. ಶಾಫ್ಟ್‌ನ ಅಳತೆಯ ಹಿಂದೆ Ø ಗುರುತು ಇದ್ದರೆ ಟಾಲರೆನ್ಸ್ ಕೂಡ ಡಯಾಕ್ಕೇ ಸಂಬಂಧಿಸಿದ್ದು. ತ್ರಿಜ್ಯದ ಲೆಕ್ಕದಲ್ಲಿ ಅದರ ಅರ್ಧ ಮಾತ್ರ. ಮುಂದೆ ರಿವರ್ಕ್ ಮಾಡುವಾಗ ಈ ಅರ್ಧವೇ ಬಹಳ ಜನರನ್ನು ಎಡವಿಸುತ್ತದೆ.

ಹಂತ 2: ಗರಿಷ್ಠ ಡಯಾ, ಕನಿಷ್ಠ ಡಯಾ

ಗರಿಷ್ಠಕ್ಕೆ ಕೂಡಿ, ಕನಿಷ್ಠಕ್ಕೆ ಕಳೆಯಿರಿ:

```
ಗರಿಷ್ಠ ಡಯಾ = 30.000 + 0.020 = 30.020
ಕನಿಷ್ಠ ಡಯಾ = 30.000 - 0.020 = 29.980
```

30 ಅಂತ ಬರೆಯದೆ 30.000 ಅಂತ ಬರೆದದ್ದಕ್ಕೆ ಕಾರಣ ಇದೆ. ಕೂಡುವಾಗ ಯಾರೂ ಅಷ್ಟಾಗಿ ತಪ್ಪುವುದಿಲ್ಲ. ಕಳೆಯುವಾಗ ತಪ್ಪುತ್ತಾರೆ. 30 ರಿಂದ 0.02 ಕಳೆದು 29.8 ಅಂತ ಬರೆದವರನ್ನೂ 29.08 ಅಂತ ಬರೆದವರನ್ನೂ ನೋಡಿದ್ದೇನೆ. ಎರಡೂ ಭಾರಿ ತಪ್ಪು. 29.8 ಅಂದರೆ ಕನಿಷ್ಠ ಮಿತಿಗಿಂತ 0.18 ಕೆಳಗೆ, ಆ ಜಾಬ್ ನೇರ ಸ್ಕ್ರ್ಯಾಪ್ ಬಿನ್‌ಗೆ. ದಶಾಂಶದ ನಂತರ ಮೂರು ಸ್ಥಾನ ತುಂಬಿಸಿ, ಚುಕ್ಕಿಯ ಕೆಳಗೆ ಚುಕ್ಕಿ ಬರುವ ಹಾಗೆ ಒಂದರ ಕೆಳಗೊಂದು ಬರೆದರೆ ಈ ತಪ್ಪು ಆಗುವುದಿಲ್ಲ.

ನನಗೆ ಇನ್ನೂ ಸುಲಭ ಅನ್ನಿಸುವ ದಾರಿ ಮೈಕ್ರಾನ್. ಒಂದು ಮಿಲಿಮೀಟರ್‌ಗೆ 1000 ಮೈಕ್ರಾನ್. ಹಾಗಾಗಿ 30 ಮಿ.ಮೀ. ಅಂದರೆ 30000, 0.02 ಅಂದರೆ 20. ಈಗ ದಶಾಂಶವೇ ಇಲ್ಲ: 30000 ಕ್ಕೆ 20 ಕೂಡಿದರೆ 30020, ಕಳೆದರೆ 29980. ಶಾಪ್‌ನಲ್ಲಿ ಹೇಗೂ "ಇಪ್ಪತ್ತು ಮೈಕ್ರಾನ್ ಪ್ಲಸ್ ಇದೆ", "ಹತ್ತು ಮೈಕ್ರಾನ್ ಮೈನಸ್ ಆಗಿದೆ" ಅಂತಲೇ ಮಾತಾಡುತ್ತೇವೆ, ಲೆಕ್ಕವನ್ನೂ ಅದೇ ಭಾಷೆಯಲ್ಲಿ ಮಾಡುವುದು ಒಳ್ಳೆಯದು.

ಹಂತ 3: ಅನುಮತಿಸಿದ ಒಟ್ಟು ವ್ಯತ್ಯಾಸ

ಗರಿಷ್ಠದಿಂದ ಕನಿಷ್ಠವನ್ನು ಕಳೆದರೆ ಬರುವುದೇ ಟಾಲರೆನ್ಸ್:

```
ಟಾಲರೆನ್ಸ್ = 30.020 - 29.980 = 0.040
```

± ನಲ್ಲಿ ಎರಡೂ ಕಡೆ ಒಂದೇ ಅಂಕಿ ಇದ್ದಾಗ 0.02 ನ್ನು ಎರಡರಿಂದ ಗುಣಿಸಿದರೂ ಇದೇ ಉತ್ತರ. ಆದರೂ ಗುಣಿಸುವ ಅಭ್ಯಾಸಕ್ಕೆ ಬೀಳಬೇಡಿ, ಗರಿಷ್ಠದಿಂದ ಕನಿಷ್ಠ ಕಳೆಯುವುದನ್ನೇ ರೂಢಿಸಿಕೊಳ್ಳಿ. ಅದರ ಕಾರಣ ಮುಂದಿನ ಹಂತದಲ್ಲಿ ತಾನಾಗಿ ಗೊತ್ತಾಗುತ್ತದೆ.

ಈ 0.04 ಏನನ್ನು ಹೇಳುತ್ತದೆ? ಒಂದು ಲಾಟ್‌ನ ಯಾವುದೇ ಎರಡು ಒಳ್ಳೆಯ ಶಾಫ್ಟ್‌ಗಳನ್ನು ಪಕ್ಕಪಕ್ಕ ಇಟ್ಟರೆ ಅವುಗಳ ಡಯಾ ನಡುವೆ ಹೆಚ್ಚೆಂದರೆ 0.04 ವ್ಯತ್ಯಾಸ ಇರಬಹುದು. ಒಂದು ಶಾಫ್ಟ್ 30 ರಿಂದ ದೂರ ಹೋಗಬಹುದಾದದ್ದು ಮಾತ್ರ 0.02. ಬೇರೆ ಬೇರೆ ಪ್ರಶ್ನೆ, ಬೇರೆ ಬೇರೆ ಉತ್ತರ. "ಒಂದೇ ಶಾಫ್ಟ್‌ನ ಒಂದು ತುದಿ 29.985, ಇನ್ನೊಂದು ತುದಿ 30.015 ಇದ್ದರೆ?" ಅಂತ ಒಬ್ಬ ಹುಡುಗಿ ಒಮ್ಮೆ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಎರಡೂ ಮಿತಿಯೊಳಗೆ ಇವೆ, ಹಾಗಾಗಿ ಸೈಜ್ ಲೆಕ್ಕದಲ್ಲಿ ಆ ಶಾಫ್ಟ್ ಪಾಸ್, ಅದರಲ್ಲಿ 0.03 ಟೇಪರ್ ಇದ್ದರೂ. ಟೇಪರ್ ಅಷ್ಟು ಇರಬಾರದು ಅಂತ ಡಿಸೈನರ್‌ಗೆ ಬೇಕಿದ್ದರೆ ಅದನ್ನು ಡ್ರಾಯಿಂಗ್‌ನಲ್ಲಿ ಬೇರೆ ಚಿಹ್ನೆ ಹಾಕಿ ಕೇಳಬೇಕು. ± ಅಂಕಿ ಆ ಕೆಲಸ ಮಾಡುವುದಿಲ್ಲ.

ಹಂತ 4: ಎರಡೂ ಕಡೆ ಒಂದೇ ಅಂಕಿ ಇಲ್ಲದಿದ್ದರೆ

ಅದೇ ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಜಾಗ ಇರುತ್ತದೆ. 6206 ಬೇರಿಂಗ್ ಎಲ್ಲರಿಗೂ ಗೊತ್ತು, ಅದರ ಒಳ ಡಯಾ 30. ಆ ಸೀಟಿನ ಮೇಲೆ ಡ್ರಾಯಿಂಗ್‌ನಲ್ಲಿ Ø30 k6 ಅಂತ ಇದ್ದರೆ, k6 ಅನ್ನುವ ಸಂಕೇತಕ್ಕೆ ಟಾಲರೆನ್ಸ್ ಕೋಷ್ಟಕದಲ್ಲಿ ಸಿಗುವ ಅಂಕಿಗಳು +0.015 ಮತ್ತು +0.002. ಎರಡೂ ಪ್ಲಸ್!

```
ಗರಿಷ್ಠ ಡಯಾ = 30.000 + 0.015 = 30.015
ಕನಿಷ್ಠ ಡಯಾ = 30.000 + 0.002 = 30.002
ಟಾಲರೆನ್ಸ್   = 30.015 - 30.002 = 0.013
```

ಇಲ್ಲಿ ಎರಡರಿಂದ ಗುಣಿಸುವ ಸೂತ್ರ ಕೆಲಸಕ್ಕೆ ಬಾರದು. ಅದಕ್ಕಿಂತ ದೊಡ್ಡ ವಿಷಯ, ಸರಿಯಾಗಿ 30.000 ಬಂದ ಜಾಬ್ ಇಲ್ಲಿ ರಿಜೆಕ್ಟ್. ಇದನ್ನು ಹೇಳಿದಾಗ ಹೊಸ ಹುಡುಗರು ನಂಬುವುದಿಲ್ಲ. "ಮೂವತ್ತು ಕೇಳಿದ್ರು, ಮೂವತ್ತು ಕೊಟ್ಟೆ, ಇನ್ನೇನು ಬೇಕು?" ಅನ್ನುತ್ತಾರೆ. ಬೇಕಾದದ್ದು ಬೇರಿಂಗ್ ಬಿಗಿಯಾಗಿ ಕೂರುವುದು. ಸೀಟು ಸಣ್ಣದಾದರೆ ಬೇರಿಂಗ್‌ನ ಒಳ ರೇಸ್ ಶಾಫ್ಟ್ ಮೇಲೆ ನಿಧಾನವಾಗಿ ಜಾರಿ ತಿರುಗತೊಡಗುತ್ತದೆ, ಸೀಟು ಸವೆದು ಹೋಗುತ್ತದೆ. 30 ಅನ್ನುವುದು ಲೆಕ್ಕ ಶುರು ಮಾಡುವ ಜಾಗ ಮಾತ್ರ. ಗುರಿ ಇರುವುದು ಎರಡು ಮಿತಿಗಳ ನಡುವೆ.

ಎರಡೂ ಮೈನಸ್ ಇರುವ ಸಂದರ್ಭವೂ ಬರುತ್ತದೆ. ಬುಷ್‌ನಲ್ಲಿ ಸಲೀಸಾಗಿ ತಿರುಗಬೇಕಾದ ಜಾಗಕ್ಕೆ Ø30 f7 ಕೊಟ್ಟಿದ್ದರೆ ಅಂಕಿಗಳು −0.020 ಮತ್ತು −0.041. ಇಲ್ಲಿ ಕಣ್ಣು ಮೋಸ ಮಾಡುತ್ತದೆ. 41 ದೊಡ್ಡದಾಗಿ ಕಾಣುವುದರಿಂದ ಅದನ್ನೇ ಗರಿಷ್ಠಕ್ಕೆ ಬಳಸಿಬಿಡುತ್ತಾರೆ. ಆದರೆ ಹೆಚ್ಚು ಕಳೆದರೆ ಸಿಗುವುದು ಕಡಿಮೆ. ಗರಿಷ್ಠ 29.980, ಕನಿಷ್ಠ 29.959, ಟಾಲರೆನ್ಸ್ 0.021. ಉತ್ತರ ಬರೆದ ಮೇಲೆ ಗರಿಷ್ಠ ಅಂತ ಬರೆದದ್ದು ನಿಜಕ್ಕೂ ಕನಿಷ್ಠಕ್ಕಿಂತ ದೊಡ್ಡದೇ ಅಂತ ಒಮ್ಮೆ ನೋಡಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹಂತ 5: ಯಾವುದರಿಂದ ಅಳೆಯುವುದು

ಮತ್ತೆ 30 ± 0.02 ಗೆ ಬರೋಣ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ವರ್ನಿಯರ್‌ನ ಲೀಸ್ಟ್ ಕೌಂಟ್ 0.02. ಎರಡು ಮಿತಿಗಳ ನಡುವಿನ ಪಟ್ಟಿ ಇರುವುದೇ 0.04. ಅಂದರೆ ವರ್ನಿಯರ್ ಈ ಪಟ್ಟಿಯೊಳಗೆ ತೋರಿಸಬಲ್ಲದ್ದು 29.98, 30.00, 30.02 ಎಂಬ ಮೂರೇ ಅಂಕಿಗಳು. ಒಂದು ಗೆರೆ ಓದುವುದರಲ್ಲಿ ಹೆಚ್ಚುಕಮ್ಮಿಯಾದರೆ ರಿಜೆಕ್ಟ್ ಜಾಬ್ ಪಾಸ್ ಆಗುತ್ತದೆ. ಟಾಲರೆನ್ಸ್‌ನ ಹತ್ತನೇ ಒಂದು ಭಾಗದಷ್ಟಾದರೂ ಸೂಕ್ಷ್ಮವಾಗಿ ಓದಬಲ್ಲ ಉಪಕರಣ ಬೇಕು ಅನ್ನುವುದು ಶಾಪ್‌ಗಳಲ್ಲಿ ರೂಢಿಯಲ್ಲಿರುವ ಲೆಕ್ಕ. 0.04 ರ ಹತ್ತನೇ ಒಂದು ಅಂದರೆ 0.004. ಹಾಗೆ ನೋಡಿದರೆ 0.01 ಓದುವ ಮೈಕ್ರೋಮೀಟರ್ ಕೂಡ ಸಾಲದು, 0.001 ಓದುವ ಡಿಜಿಟಲ್ ಮೈಕ್ರೋಮೀಟರ್ ಸರಿ. ಬೇಕಾದದ್ದು 25–50 ರ ಮೈಕ್ರೋಮೀಟರ್. ಅದನ್ನು ಬಾಯಿ ಮುಚ್ಚಿ ಸೊನ್ನೆ ನೋಡಲು ಆಗುವುದಿಲ್ಲ, ಜೊತೆಗೆ ಬರುವ 25 ಮಿ.ಮೀ. ಸೆಟ್ಟಿಂಗ್ ರಾಡ್ ಹಿಡಿದು ಸರಿಯಾಗಿ 25.000 ತೋರಿಸುತ್ತಿದೆಯೇ ಅಂತ ಪ್ರತಿ ಶಿಫ್ಟ್ ಶುರುವಿನಲ್ಲಿ ನೋಡಿಕೊಳ್ಳಬೇಕು.

ಓದಿದ ಅಂಕಿಯನ್ನು ದುಂಡಗೆ ಮಾಡಬೇಡಿ. 30.024 ಬಂದರೆ "ಎರಡು ಸ್ಥಾನಕ್ಕೆ 30.02 ತಾನೇ" ಅನ್ನುವುದು ತಪ್ಪು. ಡ್ರಾಯಿಂಗ್‌ನಲ್ಲಿ 30.02 ಅಂದರೆ 30.0200, ಅದಕ್ಕಿಂತ ಒಂದು ಮೈಕ್ರಾನ್ ಹೆಚ್ಚಿದ್ದರೂ ಹೊರಗೆ.

ಇನ್ನೊಂದು ವಿಷಯಕ್ಕೆ ನಾನೇ ದಂಡ ತೆತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಷೀನ್‌ನಿಂದ ತೆಗೆದ ಜಾಬನ್ನು ಕೂಡಲೇ ಅಳೆದು ಪಾಸ್ ಅಂತ ಟ್ರೇಗೆ ಹಾಕುತ್ತಿದ್ದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಹಲವು ಜಾಬ್‌ಗಳು ಕನಿಷ್ಠಕ್ಕಿಂತ ಕೆಳಗೆ. ಮೈಕ್ರೋಮೀಟರ್ ಕೆಟ್ಟಿದೆ ಅಂತ ಇನ್ನೊಂದು ತಂದೆ, ಅದೂ ಅದನ್ನೇ ಹೇಳಿತು. ಆಗಿದ್ದು ಇಷ್ಟೇ: ಕಟಿಂಗ್ ಬಿಸಿಗೆ ಉಕ್ಕು ಹಿಗ್ಗಿತ್ತು, ತಣ್ಣಗಾದ ಮೇಲೆ ಕುಗ್ಗಿತು. ಉಕ್ಕು ಪ್ರತಿ ಡಿಗ್ರಿಗೆ ತನ್ನ ಅಳತೆಯ ಸುಮಾರು 0.0000115 ಪಟ್ಟು ಹಿಗ್ಗುತ್ತದೆ. ಮುಟ್ಟಿದರೆ ಬೆಚ್ಚಗೆ ಇರುವ, ಕೋಣೆಗಿಂತ 20 ಡಿಗ್ರಿ ಹೆಚ್ಚು ಬಿಸಿಯ ಜಾಬ್ ಅಂತಿಟ್ಟುಕೊಳ್ಳಿ:

```
30 × 0.0000115 × 20 = 0.0069
```

ಸುಮಾರು 7 ಮೈಕ್ರಾನ್. ಬಿಸಿಯಲ್ಲಿ 29.985 ತೋರಿಸಿದ ಜಾಬ್ ತಣಿದ ಮೇಲೆ 29.978 ಆಗುತ್ತದೆ, ಅಂದರೆ ಅಂಡರ್‌ಸೈಜ್. ಅಳತೆಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯ ಅನ್ನುವುದು ಅಂತರರಾಷ್ಟ್ರೀಯ ಒಪ್ಪಂದ. ಬೆಂಗಳೂರಿನ ಹವೆ ಅದಕ್ಕೆ ತೀರಾ ದೂರ ಇಲ್ಲ, ಜೊತೆಗೆ ಜಾಬ್ ಮತ್ತು ಮೈಕ್ರೋಮೀಟರ್ ಎರಡೂ ಉಕ್ಕಿನವೇ ಆಗಿ ಒಂದೇ ಬಿಸಿಯಲ್ಲಿದ್ದರೆ ಎರಡೂ ಒಟ್ಟಿಗೆ ಹಿಗ್ಗಿ ಕುಗ್ಗುವುದರಿಂದ ಪಾರಾಗುತ್ತೀರಿ. ತೊಂದರೆ ಬರುವುದು ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದಾಗ. ಜಾಬನ್ನು ಸರ್ಫೇಸ್ ಪ್ಲೇಟ್ ಮೇಲೆ ಮೈಕ್ರೋಮೀಟರ್ ಪಕ್ಕದಲ್ಲೇ ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಹಂತ 6: ಎಲ್ಲೆಲ್ಲಿ ಅಳೆಯುವುದು

ಮಿತಿಗಳು ಶಾಫ್ಟ್‌ನ ಆ ಭಾಗದ ಪ್ರತಿಯೊಂದು ಜಾಗಕ್ಕೂ ಅನ್ವಯ. ಎರಡು ತುದಿ, ನಡುವೆ ಒಂದು, ಹೀಗೆ ಕನಿಷ್ಠ ಮೂರು ಕಡೆ ಅಳೆಯಿರಿ. ಪ್ರತಿ ಕಡೆಯಲ್ಲೂ ಒಮ್ಮೆ ಅಳೆದು, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಎಲ್ಲಿ ಹೆಚ್ಚು ಬರುತ್ತಿದೆ ಅನ್ನುವುದರಿಂದ ಕಾರಣವೂ ತಿಳಿಯುತ್ತದೆ. ಎರಡು ಸೆಂಟರ್ ನಡುವೆ ಹಿಡಿದ ಉದ್ದ ಶಾಫ್ಟ್ ನಡುವಿನಲ್ಲಿ ದಪ್ಪ ಬಂದಿದ್ದರೆ ಅಲ್ಲಿ ಜಾಬ್ ಟೂಲ್‌ನಿಂದ ಹಿಂದೆ ಬಾಗಿದೆ. ಟೇಲ್‌ಸ್ಟಾಕ್ ಇಲ್ಲದೆ ಚಕ್‌ನಲ್ಲಷ್ಟೇ ಹಿಡಿದಿದ್ದರೆ ಹೊರ ತುದಿ ದಪ್ಪ ಬರುತ್ತದೆ, ಕಾರಣ ಅದೇ. ಮೂರು ಉಬ್ಬಿನ ಆಕಾರ ಬಂದಿದ್ದರೆ ಮಾತ್ರ ಮೈಕ್ರೋಮೀಟರ್‌ಗೆ ಗೊತ್ತಾಗದೆ ಇರಬಹುದು, ಅದು ಎದುರುಬದುರು ಎರಡು ಬಿಂದುಗಳನ್ನಷ್ಟೇ ಮುಟ್ಟುತ್ತದೆ. ಅನುಮಾನ ಬಂದರೆ ವಿ-ಬ್ಲಾಕ್ ಮೇಲೆ ಇಟ್ಟು ಡಯಲ್ ಹಚ್ಚಿ ತಿರುಗಿಸಿ ನೋಡಿ.

ಹಂತ 7: ತೀರ್ಮಾನ

ಒಂದು ಲಾಟ್‌ನಿಂದ ಎತ್ತಿಕೊಂಡ ಐದು ಶಾಫ್ಟ್‌ಗಳನ್ನು ನೋಡೋಣ. ಮಿತಿಗಳನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ: 30.020 ಮತ್ತು 29.980.

ಮೊದಲನೆಯದು ಎಲ್ಲ ಕಡೆ 30.012. ಪಾಸ್.

ಎರಡನೆಯದು 29.983. ಇದೂ ಪಾಸ್, ಆದರೆ ಕೆಳ ಮಿತಿಗೆ ಮೂರೇ ಮೈಕ್ರಾನ್ ಉಳಿದಿದೆ. ಇಂಥದ್ದನ್ನು ನಾನು ತಣಿಸಿ, ರಾಡ್‌ನಿಂದ ಮೈಕ್ರೋಮೀಟರ್ ನೋಡಿಕೊಂಡು ಇನ್ನೊಮ್ಮೆ ಅಳೆಯದೆ ಸಹಿ ಹಾಕುವುದಿಲ್ಲ.

ಮೂರನೆಯದು 30.026. ಗರಿಷ್ಠಕ್ಕಿಂತ 0.006 ಹೆಚ್ಚು. ಓವರ್‌ಸೈಜ್, ಆದರೆ ಲೋಹ ಇನ್ನೂ ಇದೆ, ರಿವರ್ಕ್ ಸಾಧ್ಯ. 30.000 ಕ್ಕೆ ತರಬೇಕಾದರೆ ಡಯಾದಲ್ಲಿ 0.026 ಹೋಗಬೇಕು, ಅಂದರೆ ಒಂದು ಬದಿಯಿಂದ 0.013. ಇಷ್ಟು ತೆಳುವಾಗಿ ಕಾರ್ಬೈಡ್ ಇನ್ಸರ್ಟ್‌ನಲ್ಲಿ ತೆಗೆಯಲು ಹೋದರೆ ಅದು ಕತ್ತರಿಸದೆ ಉಜ್ಜುತ್ತಾ ಹೋಗುತ್ತದೆ, ಸೈಜ್ ಎಲ್ಲಿ ನಿಲ್ಲುತ್ತದೆ ಅಂತ ಹೇಳಲಾಗದು. ಸಿಲಿಂಡ್ರಿಕಲ್ ಗ್ರೈಂಡಿಂಗ್‌ಗೆ ಕಳಿಸಿ.

ನಾಲ್ಕನೆಯದು 29.974. ಕನಿಷ್ಠಕ್ಕಿಂತ 0.006 ಕಡಿಮೆ. ಮೂರನೆಯದು ತಪ್ಪಿದ್ದೂ ಅಷ್ಟೇ ದೂರ, ಆದರೆ ಇದನ್ನು ಉಳಿಸಲಾಗದು. ತೆಗೆದ ಲೋಹ ವಾಪಸ್ ಬರುವುದಿಲ್ಲ. ಶಾಫ್ಟ್ ವಿಷಯದಲ್ಲಿ ಗರಿಷ್ಠ ಮೀರಿದರೆ ರಿವರ್ಕ್, ಕನಿಷ್ಠಕ್ಕಿಂತ ಕೆಳಗಾದರೆ ಸ್ಕ್ರ್ಯಾಪ್.

ಐದನೆಯದು ಒಂದು ತುದಿಯಲ್ಲಿ 29.986, ನಡುವೆ 30.004, ಇನ್ನೊಂದು ತುದಿಯಲ್ಲಿ 30.023. ಮೂರನ್ನೂ ಕೂಡಿ ಸರಾಸರಿ ತೆಗೆದು "30.004 ಬಂತು, ಪಾಸ್" ಅನ್ನುವವರಿದ್ದಾರೆ. ಸರಾಸರಿ ಬುಷ್‌ನೊಳಗೆ ಹೋಗುವುದಿಲ್ಲ, ಆ 30.023 ರ ತುದಿ ಹೋಗಬೇಕು. ಒಂದೇ ಜಾಗ ಮಿತಿ ದಾಟಿದರೂ ಶಾಫ್ಟ್ ಫೇಲ್. ಇದೂ ರಿವರ್ಕ್‌ಗೆ, ಆದರೆ ಮೊದಲು ಸೆಂಟರ್ ಅಲೈನ್‌ಮೆಂಟ್ ನೋಡಿಸಬೇಕು.

ನೂರಾರು ಜಾಬ್ ಇದ್ದಾಗ ಹೀಗೆ ಒಂದೊಂದನ್ನೂ ಓದುತ್ತಾ ಕೂರಲು ಆಗುವುದಿಲ್ಲ, ಆಗ ಸ್ನ್ಯಾಪ್ ಗೇಜ್. ಅದರ ಗೋ ಬಾಯಿ ಗರಿಷ್ಠ ಡಯಾಕ್ಕೆ, ನೋ-ಗೋ ಬಾಯಿ ಕನಿಷ್ಠ ಡಯಾಕ್ಕೆ ಮಾಡಿರುತ್ತಾರೆ. ಗೋ ಸಲೀಸಾಗಿ ದಾಟಬೇಕು, ನೋ-ಗೋ ದಾಟಬಾರದು.

ಮಷೀನ್ ಸೆಟ್ ಮಾಡುವಾಗ ಈ ಅಂಕಿಗಳು

ಸಿಎನ್‌ಸಿಯಲ್ಲಿ ಹೊರ ಡಯಾ ತಿರುವುವಾಗ ಇನ್ಸರ್ಟ್ ಸವೆದಂತೆಲ್ಲ ಡಯಾ ದೊಡ್ಡದಾಗುತ್ತಾ ಹೋಗುತ್ತದೆ. ಹಾಗಾಗಿ ನಾನು ಸರಿಯಾಗಿ 30.000 ಕ್ಕೆ ಸೆಟ್ ಮಾಡುವುದಿಲ್ಲ, ಸ್ವಲ್ಪ ಕೆಳಗೆ 29.990 ಕ್ಕೆ ಮಾಡುತ್ತೇನೆ. ಒಂದು ಓಟದಲ್ಲಿ ಮೊದಲ ಜಾಬ್ 29.990, ಹತ್ತನೆಯದು 29.996, ಇಪ್ಪತ್ತನೆಯದು 30.003, ಮೂವತ್ತನೆಯದು 30.009 ಬಂತು ಅನ್ನಿ. ಹತ್ತು ಜಾಬ್‌ಗೆ ಸುಮಾರು 6 ಮೈಕ್ರಾನ್ ಏರುತ್ತಿದೆ. ಮೇಲಿನ ಮಿತಿಗೆ ಉಳಿದಿರುವುದು 11 ಮೈಕ್ರಾನ್, ಅಂದರೆ ಹೆಚ್ಚೆಂದರೆ ಇನ್ನು ಹದಿನೇಳು, ಹದಿನೆಂಟು ಜಾಬ್. ಅಲ್ಲಿವರೆಗೆ ಕಾಯದೆ ಈಗಲೇ ವೇರ್ ಆಫ್‌ಸೆಟ್‌ನಲ್ಲಿ X ಗೆ −0.019 ಕೂಡಿಸಿದರೆ ಮತ್ತೆ 29.990 ಹತ್ತಿರ ಬರುತ್ತದೆ. ಆ ಅಂಕಿ ಡಯಾದ್ದೋ ಅರ್ಧದ್ದೋ ಅನ್ನುವುದನ್ನು ಮಷೀನ್ ಸೆಟ್ಟಿಂಗ್ ನೋಡಿ ಖಚಿತ ಮಾಡಿಕೊಳ್ಳಿ. ಸಾಮಾನ್ಯವಾಗಿ ಲೇಥ್‌ನಲ್ಲಿ X ಡಯಾದ ಲೆಕ್ಕದಲ್ಲೇ ಇರುತ್ತದೆ. ಹಳೆಯ ಮ್ಯಾನ್ಯುಯಲ್ ಲೇಥ್‌ಗಳಲ್ಲಿ ಕ್ರಾಸ್ ಸ್ಲೈಡ್ ಡಯಲ್ ಟೂಲ್ ಎಷ್ಟು ಒಳಗೆ ಹೋಯಿತು ಅನ್ನುವುದನ್ನು ತೋರಿಸುವಂತಿದ್ದರೆ, ಡಯಲ್‌ನಲ್ಲಿ 0.02 ತಿರುಗಿಸಿದಾಗ ಡಯಾ 0.04 ಇಳಿಯುತ್ತದೆ, ಅಂದರೆ ಒಂದೇ ತಿರುವಿಗೆ ನಮ್ಮ ಪೂರ್ತಿ ಪಟ್ಟಿ ಖಾಲಿ.

ಆ ಹುಡುಗನ 30.04 ರ ಶಾಫ್ಟನ್ನು ಗ್ರೈಂಡಿಂಗ್‌ಗೆ ಕಳಿಸಿದೆವು. ಹೋಗುವ ಮುಂಚೆ ಜಾಬ್ ಕಾರ್ಡ್ ಮೇಲೆ ಅವನ ಕೈಯಲ್ಲೇ ಬರೆಸಿದೆ: ಗರಿಷ್ಠ 30.020, ಕನಿಷ್ಠ 29.980, ಟಾಲರೆನ್ಸ್ 0.040, ಹೆಚ್ಚು ಇರುವುದು 0.020. ಸಂಜೆ ಅದು 30.004 ಆಗಿ ವಾಪಸ್ ಬಂತು. ಅವನೇ ಮೂರು ಕಡೆ, ತಿರುಗಿಸಿ ತಿರುಗಿಸಿ ಆರು ಸಲ ಅಳೆದು, ಓಕೆ ಟ್ರೇಯಲ್ಲಿ ಇಟ್ಟ.